ಪ್ರಾಯೋಜಕತ್ವ ಕೋರಿಕೆ ಪತ್ರ: ಬರೆಯುವ ಮುನ್ನ ಎಣಿಸಬೇಕಾದುದು

ಪತ್ರಲೇಖನದ ಪಾಠದಲ್ಲಿ ರಜೆ ಕೋರುವ ಪತ್ರ, ಪುಸ್ತಕ ತರಿಸಿಕೊಳ್ಳುವ ಪತ್ರ, ಅಧಿಕಾರಿಗಳಿಗೆ ಮನವಿ ಪತ್ರ ಇವೆಲ್ಲ ಬರುತ್ತವೆ. ಆದರೆ ಗಡಿಭಾಗದ ಕನ್ನಡ ಶಾಲೆಗಳ ಅಧ್ಯಾಪಕರು ವರ್ಷಕ್ಕೊಮ್ಮೆ ತಾವೇ ಬರೆಯಬೇಕಾಗಿ ಬರುವ ಒಂದು ಪತ್ರ ಆ ಪಾಠದಲ್ಲಿ ಅಪರೂಪ. ವಾರ್ಷಿಕೋತ್ಸವಕ್ಕೆ ಊರಿನ ವ್ಯಾಪಾರಸ್ಥರ ನೆರವನ್ನು ಕೋರಿ, ಅದಕ್ಕೆ ಪ್ರತಿಯಾಗಿ ಶಾಲೆ ಏನನ್ನು ಕೊಡಬಲ್ಲದೆಂದು ತಿಳಿಸುವ ಪತ್ರವದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಗಳಲ್ಲಿ ಈ ಉತ್ಸವಕ್ಕೆ ಸ್ನೇಹಸಮ್ಮೇಳನ ಎಂದೂ ಆಡುಮಾತಿನಲ್ಲಿ ಗ್ಯಾದರಿಂಗ್ ಎಂದೂ ಹೆಸರು. ಪತ್ರದ ಒಕ್ಕಣೆಯನ್ನು ಹಳೆಯ ಕಡತದಿಂದ ನಕಲು ಮಾಡಿ, ತಾರೀಖು ಬದಲಿಸಿ, ನೂರು ಪ್ರತಿ ಹಂಚುವುದು ರೂಢಿಯಾಗಿದೆ. ಅಂಥ ಪತ್ರಗಳು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಸೇರಿಬಿಡುವುದಕ್ಕೆ ಕಾರಣ ಭಾಷೆಯ ದೋಷವಲ್ಲ. ಪತ್ರದಲ್ಲಿ ಹೇಳಬೇಕಾದ ಸಂಗತಿಯನ್ನು ಬರೆದವರು ಮೊದಲೇ ಎಣಿಸಿಕೊಂಡಿರುವುದಿಲ್ಲ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೇಣಿಗೆ ಬೇರೆ, ಪ್ರಾಯೋಜಕತ್ವ ಬೇರೆ. ದೇಣಿಗೆ ಕೊಡುವವನು ಕೊಟ್ಟು ಸುಮ್ಮನಾಗುತ್ತಾನೆ. ಶಾಲೆ ಕೃತಜ್ಞತೆಯಿಂದ ಅವನ ಹೆಸರನ್ನು ಸ್ಮರಿಸಬಹುದು, ಸ್ಮರಿಸದಿದ್ದರೂ ವ್ಯವಹಾರ ಕೆಡುವುದಿಲ್ಲ. ಪ್ರಾಯೋಜಕನು ಹಣ ಕೊಟ್ಟು ಪ್ರಚಾರವನ್ನು ಪಡೆಯುತ್ತಾನೆ; ಅದು ಒಂದು ವಿನಿಮಯ. ಮರಾಠಿಯಲ್ಲಿಯೂ ಇದೇ ಜೋಡಿ ಪದಗಳಿವೆ: ದೇಣಗೀ ಮತ್ತು ಪ್ರಾಯೋಜಕ. ಹೀಗಿದ್ದೂ ಎರಡೂ ಭಾಷೆಯ ಪತ್ರಗಳಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ‘ತಾವು ಉದಾರವಾಗಿ ದೇಣಿಗೆ ನೀಡಿ ಪ್ರಾಯೋಜಕರಾಗಬೇಕು’ ಎಂಬ ವಾಕ್ಯವನ್ನು ಓದಿದ ವ್ಯಾಪಾರಿಗೆ ತನ್ನಿಂದ ಧರ್ಮವನ್ನು ಬೇಡುತ್ತಿದ್ದಾರೋ ವ್ಯಾಪಾರವನ್ನು ಬೇಡುತ್ತಿದ್ದಾರೋ ತಿಳಿಯುವುದಿಲ್ಲ. ತಿಳಿಯದಿದ್ದಾಗ ಅವನು ಎರಡರಲ್ಲಿ ಕಡಿಮೆ ಮೊತ್ತವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾನೆ.

ಈ ಭೇದ ಕೇವಲ ಪದಗಳದ್ದಲ್ಲ, ಲೆಕ್ಕದ ಪುಸ್ತಕದ್ದೂ ಹೌದು. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯು 2019ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಒಂದು ಸುತ್ತೋಲೆಯು ಧರ್ಮಾರ್ಥ ಸಂಸ್ಥೆಗಳಲ್ಲಿ ದಾನಿಗಳ ಹೆಸರನ್ನು ಬರೆಸುವ ಪದ್ಧತಿಯನ್ನು ಕುರಿತದ್ದು. ತಂದೆಯ ನೆನಪಿಗಾಗಿ ಒಬ್ಬ ಮಹಿಳೆ ಕೊಟ್ಟದ್ದೆಂದು ಕೋಣೆಯ ಬಾಗಿಲಿಗೆ ಬರೆಸಿದರೆ, ಅಥವಾ ಕೊಟ್ಟ ಕಪ್ಪುಹಲಗೆಯ ಕೆಳಗೆ ಇಂಥವರ ಶುಭಾಶಯಗಳು ಎಂದು ಅಚ್ಚಾಗಿದ್ದರೆ, ಅದು ಕೃತಜ್ಞತೆಯ ಗುರುತೇ ಹೊರತು ಜಾಹೀರಾತಲ್ಲ; ಅಲ್ಲಿ ಸರಕು ಮತ್ತು ಸೇವಾ ತೆರಿಗೆಯ ಪ್ರಶ್ನೆಯಿಲ್ಲ ಎಂದು ಅದು ವಿವರಿಸುತ್ತದೆ. ಕೊಟ್ಟದ್ದು ಕೊಡುಗೆಯಾಗಿರಬೇಕು, ಉದ್ದೇಶ ಪರೋಪಕಾರದ್ದಾಗಿರಬೇಕು, ಬರಹವು ದಾನಿಯ ವ್ಯಾಪಾರವನ್ನು ಪ್ರಚಾರ ಮಾಡುವಂತಿರಬಾರದು. ಇದನ್ನು ಶಾಲೆಗೆ ಅನ್ವಯಿಸಿ ನೋಡಿ. ‘ಶ್ರೀ ಇಂಥವರ ಕೊಡುಗೆ’ ಎಂಬ ಬರಹ ದಾನದ ಬದಿಗೆ ನಿಲ್ಲುತ್ತದೆ. ‘ಇಂಥ ಕೃಷಿ ಸೇವಾ ಕೇಂದ್ರ, ಬೀಜ ಗೊಬ್ಬರಗಳಿಗೆ ಭೇಟಿ ಕೊಡಿ, ಬಸ್ ನಿಲ್ದಾಣದ ಎದುರು’ ಎಂಬುದು ಜಾಹೀರಾತಿನ ಬದಿಗೆ ಹೋಗುತ್ತದೆ. ಪತ್ರದಲ್ಲಿ ನೀವು ಎರಡನೆಯದನ್ನು ವಾಗ್ದಾನ ಮಾಡಿದಿರಾದರೆ ಅದನ್ನು ಪ್ರಾಯೋಜಕತ್ವವೆಂದೇ ಕರೆಯಿರಿ, ರಸೀದಿಯಲ್ಲಿಯೂ ಹಾಗೆಯೇ ಬರೆಯಿರಿ. ಬಹಳಷ್ಟು ಸಂಸ್ಥೆಗಳಲ್ಲಿ ಅಚ್ಚು ಮಾಡಿಸಿಟ್ಟ ಪುಸ್ತಕದ ತಲೆಬರಹ ‘ದೇಣಗೀ ಪಾವತಿ’ ಎಂದಿರುತ್ತದೆ. ಪ್ರಾಯೋಜಕನಿಗೂ ಅದನ್ನೇ ಹರಿದು ಕೊಡುತ್ತಾರೆ. ಅವನು ಆ ಖರ್ಚನ್ನು ತನ್ನ ಲೆಕ್ಕದಲ್ಲಿ ಜಾಹೀರಾತಿನ ವೆಚ್ಚವೆಂದು ತೋರಿಸಬೇಕಾದವನು. ಕೈಯಲ್ಲಿರುವ ಕಾಗದ ಮಾತ್ರ ಅದನ್ನು ದಾನವೆನ್ನುತ್ತದೆ.

ಕೊಡುವವರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಪ್ರಾಯೋಜಕತ್ವದ ಮೇಲಿನ ಶೇಕಡಾ 18ರ ತೆರಿಗೆಯನ್ನು ಸಾಮಾನ್ಯವಾಗಿ ಅವರೇ ಸರ್ಕಾರಕ್ಕೆ ತುಂಬಬೇಕಾಗುತ್ತದೆ. 25,000 ರೂಪಾಯಿಗೆ ಅದು 4,500 ರೂಪಾಯಿ. ಆ ಹೊರೆಯನ್ನು ಅವರು ಶಾಲೆಯ ಮೊತ್ತದಿಂದ ಕಳೆಯದಂತೆ ಮೊದಲೇ ಮಾತಾಡಿಕೊಳ್ಳುವುದು ಲೇಸು. ಸಂಸ್ಥೆಯ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಯೇ ಪತ್ರಕ್ಕೆ ಸಹಿ ಹಾಕಿಸಬೇಕು. ಇನ್ನೊಂದು ಸಂಗತಿ ಇದಕ್ಕಿಂತಲೂ ಹೆಚ್ಚಾಗಿ ಎಡವಿಸುತ್ತದೆ. ದೊಡ್ಡ ಕಂಪನಿಗಳಿಗೆ ಬರೆಯುವಾಗ ‘ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಪ್ರಾಯೋಜಿಸಬೇಕು’ ಎಂದು ಸೇರಿಸುವುದು ಈಗ ಶೈಲಿಯಾಗಿದೆ. 2013ರ ಕಂಪನಿ ಕಾಯ್ದೆಯಡಿಯ ನಿಯಮಗಳು, ತನ್ನ ಸರಕಿಗೆ ಮಾರುಕಟ್ಟೆಯ ಲಾಭ ಪಡೆಯಲು ಮಾಡುವ ಪ್ರಾಯೋಜಕತ್ವವನ್ನು ಆ ನಿಧಿಯ ಲೆಕ್ಕದಿಂದ ಸ್ಪಷ್ಟವಾಗಿ ಹೊರಗಿಡುತ್ತವೆ. ಒಂದೇ ಪತ್ರದಲ್ಲಿ ಬ್ಯಾನರನ್ನೂ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಹೆಸರಿಸಿದರೆ, ಕಂಪನಿಯ ಲೆಕ್ಕದವರು ಆ ಪತ್ರವನ್ನು ಮುಂದಕ್ಕೆ ಕಳುಹಿಸಲಾರರು. ಆ ನಿಧಿ ಬೇಕಾದರೆ ಗ್ರಂಥಾಲಯಕ್ಕೋ ಪ್ರಯೋಗಾಲಯಕ್ಕೋ ಬೇರೆಯೇ ಪತ್ರ ಬರೆಯಬೇಕು. ಸ್ನೇಹಸಮ್ಮೇಳನಕ್ಕೆ ಅದು ಒದಗುವುದಿಲ್ಲ.

ಇನ್ನು ಎಣಿಕೆಗೆ ಬರೋಣ. ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. 600 ಮಕ್ಕಳು, ಸುತ್ತಲಿನ 14 ಹಳ್ಳಿಗಳಿಂದ ಬರುವವರು. ಜನವರಿ ಎರಡನೆಯ ವಾರದ ಒಂದು ಶನಿವಾರ ಸಂಜೆ ಕಾರ್ಯಕ್ರಮ. ಶಾಮಿಯಾನ ಮತ್ತು ವೇದಿಕೆಗೆ 45,000, ಧ್ವನಿ ಬೆಳಕಿಗೆ 30,000, ಬಾಡಿಗೆ ವೇಷಭೂಷಣಕ್ಕೆ 25,000, ಬಹುಮಾನಕ್ಕೆ 18,000, ಮುದ್ರಣಕ್ಕೆ 14,000, ಉಪಾಹಾರಕ್ಕೆ 20,000, ಇತರೆ 8,000. ಒಟ್ಟು 1,60,000 ರೂಪಾಯಿ. ಆಡಳಿತ ಮಂಡಳಿ 50,000 ಕೊಡುತ್ತದೆ. ಹಳೆಯ ವಿದ್ಯಾರ್ಥಿಗಳಿಂದ 35,000 ಬರುತ್ತದೆ. ಉಳಿದ 75,000 ರೂಪಾಯಿಯನ್ನು ಮಾತ್ರ ವ್ಯಾಪಾರಸ್ಥರಿಂದ ಕೇಳಬೇಕಾಗಿದೆ. ಈ ಕೊನೆಯ ಅಂಕಿ ಪತ್ರದಲ್ಲಿ ಇರಲೇಬೇಕು. ಒಟ್ಟು ವೆಚ್ಚವೆಷ್ಟು, ಶಾಲೆ ತಾನೇ ಹೊಂದಿಸಿಕೊಂಡದ್ದೆಷ್ಟು, ಕೊರತೆಯೆಷ್ಟು ಎಂಬ ಮೂರು ಅಂಕಿಗಳನ್ನು ಕಂಡ ವ್ಯಾಪಾರಿಯು ಬರೆದವರು ಲೆಕ್ಕ ಬಲ್ಲವರೆಂದು ಗ್ರಹಿಸುತ್ತಾನೆ. ಲೆಕ್ಕವೇ ಅವನ ಭಾಷೆ.

ಅನಂತರ ಶಾಲೆಯ ಬಳಿ ಕೊಡುವುದಕ್ಕೆ ಏನಿದೆ ಎಂಬುದನ್ನು ಎಣಿಸಬೇಕು. ಇಲ್ಲಿಯೇ ಹೆಚ್ಚು ಪತ್ರಗಳು ಸೋಲುತ್ತವೆ. ‘ತಮ್ಮ ಸಂಸ್ಥೆಗೆ ವ್ಯಾಪಕ ಪ್ರಚಾರ ನೀಡಲಾಗುವುದು’ ಎಂಬುದು ವಾಗ್ದಾನವಲ್ಲ, ಏಕೆಂದರೆ ಅದು ನಡೆಯಿತೋ ಇಲ್ಲವೋ ಎಂದು ನೋಡಿ ಹೇಳಲು ಬರುವುದಿಲ್ಲ. ‘800 ಆಮಂತ್ರಣ ಪತ್ರಿಕೆಗಳ ಹಿಂಬದಿಯಲ್ಲಿ ತಮ್ಮ ಮಳಿಗೆಯ ಹೆಸರು, ಅವು 14 ಹಳ್ಳಿಗಳ 600 ಮನೆಗಳಿಗೆ ಮಕ್ಕಳ ಕೈಯಲ್ಲಿ ತಲುಪುತ್ತವೆ’ ಎಂಬುದು ವಾಗ್ದಾನ. ಬೀಜ, ಗೊಬ್ಬರ, ಪಂಪುಸೆಟ್ಟು ಮಾರುವವನಿಗೆ ಈ 14 ಹಳ್ಳಿಗಳೆಂದರೆ ತನ್ನ ಗಿರಾಕಿಗಳೇ. ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರದ ಒಂದು ಬಟ್ಟೆ ಅಂಗಡಿಗೆ ಅದೇ ಆಮಂತ್ರಣದಿಂದ ಅಷ್ಟು ಪ್ರಯೋಜನವಿಲ್ಲ. ಆದ್ದರಿಂದ ಒಂದೇ ಪ್ರತಿಫಲವನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಬರೆಯಬಾರದು.

ವೇದಿಕೆಯ ಹಿಂಬದಿಯ ಬ್ಯಾನರ್ 20 ಅಡಿ ಅಗಲ, 10 ಅಡಿ ಎತ್ತರವಿದೆಯೆಂದಿಟ್ಟುಕೊಳ್ಳಿ. ಪ್ರಾಯೋಜಕರ ಹೆಸರುಗಳನ್ನು ಅದರ ಕೆಳತುದಿಯ ಪಟ್ಟಿಯಲ್ಲಿ ಹಾಕಿಸುವುದು ವಾಡಿಕೆ. ಅತಿಥಿಗಳು ಕುಳಿತಾಗ ಮೇಜೂ ಅವರ ತಲೆಗಳೂ ಆ ಪಟ್ಟಿಯನ್ನು ಮುಚ್ಚುತ್ತವೆ; ಮಕ್ಕಳು ನೃತ್ಯಕ್ಕೆ ಬಂದಾಗ ಮಕ್ಕಳೇ ಮುಚ್ಚುತ್ತಾರೆ. ಮರುದಿನ ಛಾಯಾಚಿತ್ರ ನೋಡಿದ ಪ್ರಾಯೋಜಕನಿಗೆ ತನ್ನ ಹೆಸರಿನ ಅರ್ಧ ಅಕ್ಷರವೂ ಸಿಕ್ಕುವುದಿಲ್ಲ. ಹೆಸರುಗಳು ಮೇಲ್ತುದಿಯಲ್ಲಿರಲಿ, ಇಲ್ಲವೆ ವೇದಿಕೆಯ ಎಡಬಲದಲ್ಲಿ ಎರಡು ನಿಲುವು ಫಲಕಗಳಲ್ಲಿರಲಿ. ಪತ್ರದಲ್ಲಿ ಜಾಗವನ್ನೂ ಅಳತೆಯನ್ನೂ ಬರೆಯಿರಿ. ಹಾಗೆಯೇ ವೇದಿಕೆಯಿಂದ ಹೆಸರು ಹೇಳುವುದನ್ನೂ ಎಣಿಸಬೇಕು. ಎಂಟು ಪ್ರಾಯೋಜಕರ ಹೆಸರನ್ನು ತಲಾ ಮೂರು ಬಾರಿ, ಪ್ರತಿ ಬಾರಿ ಅರ್ಧ ನಿಮಿಷ ಹೇಳಿದರೆ 12 ನಿಮಿಷ ಹೋಗುತ್ತದೆ. ಮಗುವಿನ ಹಾಡು ಕೇಳಲು ಕಾದು ಕುಳಿತ ತಾಯಂದಿರಿಗೆ ಅದು ಸಹನೀಯವಲ್ಲ. ಆ ಬೇಸರ ಪ್ರಾಯೋಜಕನ ಹೆಸರಿಗೇ ಅಂಟುತ್ತದೆ. ಮುಖ್ಯ ಪ್ರಾಯೋಜಕರಿಗೆ ಮೂರು ಬಾರಿ, ಸಹ ಪ್ರಾಯೋಜಕರಿಗೆ ಎರಡೆರಡು ಬಾರಿ, ಉಳಿದವರೆಲ್ಲರಿಗೂ ಒಟ್ಟಾಗಿ ಒಮ್ಮೆ, ಪ್ರತಿಯೊಂದೂ 20 ಸೆಕೆಂಡು ಎಂದು ನಿಗದಿಪಡಿಸಿದರೆ ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ.

ಈಗ 75,000 ರೂಪಾಯಿಯನ್ನು ಹಂಚೋಣ. ಮುಖ್ಯ ಪ್ರಾಯೋಜಕರು ಒಬ್ಬರು, 25,000. ಸಹ ಪ್ರಾಯೋಜಕರು ಮೂವರು, ತಲಾ 10,000. ಸಹಯೋಗಿಗಳು ನಾಲ್ವರು, ತಲಾ 5,000. ಮೂರು ಹಂತಗಳಿಗಿಂತ ಹೆಚ್ಚು ಮಾಡಬಾರದು. ಚಿನ್ನ, ಬೆಳ್ಳಿ, ಕಂಚು, ವಜ್ರ ಎಂದು ಐದಾರು ಹೆಸರುಗಳನ್ನು ಪೇರಿಸಿದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬರೆದವರಿಗೇ ಮರೆತುಹೋಗುತ್ತದೆ. ಹಂತ ಏರಿದಂತೆ ಪ್ರತಿಫಲವೂ ಕಣ್ಣಿಗೆ ಕಾಣುವಂತೆ ಏರಬೇಕು. ಆದರೆ ಪ್ರತಿಫಲದ ಖರ್ಚು ಶಾಲೆಯದೇ ಎಂಬುದನ್ನು ಮರೆಯಬಾರದು. ಮುಖ್ಯ ಪ್ರಾಯೋಜಕರಿಗಾಗಿ 6 ಅಡಿ 4 ಅಡಿಯ ಬೇರೊಂದು ಬ್ಯಾನರ್, ಚದರ ಅಡಿಗೆ 20 ರೂಪಾಯಿಯಂತೆ ಹಿಡಿದರೆ 480 ರೂಪಾಯಿ. ಶಾಲು ಮತ್ತು ನೆನಪಿನ ಕಾಣಿಕೆ 700 ಎಂದಿಟ್ಟುಕೊಳ್ಳಿ. ಅದು ಸರಿ. 5,000 ಕೊಟ್ಟವರಿಗೂ ಅದೇ ಬ್ಯಾನರು, ಅದೇ ಶಾಲು, ಅದೇ ಕಾಣಿಕೆ ಎಂದರೆ ಬಂದ ಹಣದ ಕಾಲುಭಾಗದಷ್ಟು ಹಿಂದಕ್ಕೆ ಹೋಯಿತು. ಮೇಲಾಗಿ, 25,000 ಕೊಟ್ಟವರು ಮುಂದಿನ ವರ್ಷ 5,000 ಕೊಡಲು ಕಲಿಯುತ್ತಾರೆ.

ಹಣದ ಬದಲು ವಸ್ತುವನ್ನು ಕೊಡುವವರೂ ಇರುತ್ತಾರೆ. ಅತಿಥಿಗಳಿಗೆ ಶಾಲು ಶ್ರೀಫಲ ಕೊಟ್ಟು ಸತ್ಕರಿಸುವ ಈ ಸೀಮೆಯಲ್ಲಿ, ಚಾದರ ಟವೆಲ್ಲುಗಳಿಗೆ ಹೆಸರಾದ ಸೊಲ್ಲಾಪುರದ ಮಗ್ಗದ ಮಾಲೀಕರಿಂದ ಸತ್ಕಾರದ ವಸ್ತ್ರಗಳನ್ನೇ ಕೇಳುವುದು ಹಣ ಕೇಳುವುದಕ್ಕಿಂತ ಸುಲಭ. ಶಾಮಿಯಾನದವರು ಬಾಡಿಗೆಯಲ್ಲಿ 10,000 ಬಿಟ್ಟರೆ ಅವರೂ ಸಹ ಪ್ರಾಯೋಜಕರೇ. ಆ ವಸ್ತುವಿಗೆ ಪೇಟೆಯ ಬೆಲೆ ಕಟ್ಟಿ, ಯಾವ ಹಂತಕ್ಕೆ ಸೇರುತ್ತದೆಂದು ಪತ್ರದಲ್ಲಿಯೇ ಹೇಳಿಬಿಡಬೇಕು. ಇಲ್ಲವಾದರೆ ಹಣ ಕೊಟ್ಟವರಿಗೂ ವಸ್ತು ಕೊಟ್ಟವರಿಗೂ ವೇದಿಕೆಯ ಬಳಿಯೇ ತಗಾದೆ ಹುಟ್ಟುತ್ತದೆ.

ಶಾಲೆಯು ಕೊಡಬಾರದ ಪ್ರತಿಫಲಗಳೂ ಕೆಲವಿವೆ. ಖಾಸಗಿ ಪಾಠದ ಕ್ಲಾಸುಗಳನ್ನು ನಡೆಸುವವರು ಉದಾರವಾಗಿ ಪ್ರಾಯೋಜಿಸಲು ಬಂದು, ಹತ್ತನೆಯ ತರಗತಿಯ ಮಕ್ಕಳ ಹೆಸರು ಮತ್ತು ಪೋಷಕರ ಫೋನ್ ಸಂಖ್ಯೆಗಳ ಪಟ್ಟಿಯನ್ನು ಕೇಳುವುದುಂಟು. ಆ ಪಟ್ಟಿ ಶಾಲೆಯ ಸ್ವತ್ತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಬೇಡುತ್ತದೆ. ಅವರಿಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಡಬಹುದು. ಬೇಕಾದ ಪೋಷಕರು ತಾವೇ ಹೋಗಿ ವಿಚಾರಿಸುತ್ತಾರೆ. ತಂಬಾಕಿನ ವಿಷಯ ಇನ್ನೂ ಖಚಿತ. ಸೊಲ್ಲಾಪುರ ಸೀಮೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರು ಬಹಳ ಮಂದಿ, ಬೀಡಿ ಕಾರ್ಖಾನೆಯವರು ಊರಿಗೆ ಪರಿಚಿತರು, ಕೇಳಿದರೆ ಇಲ್ಲವೆನ್ನಲಾರರು. ಆದರೆ 2003ರ ತಂಬಾಕು ನಿಯಂತ್ರಣ ಕಾಯ್ದೆಯು ತಂಬಾಕಿನ ಜಾಹೀರಾತು ಮತ್ತು ಪ್ರಾಯೋಜಕತ್ವವನ್ನು ನಿಷೇಧಿಸಿದೆ. ಬೀಡಿಯ ಹೆಸರನ್ನು ಶಾಲೆಯ ಬ್ಯಾನರಿನ ಮೇಲೆ ತರುವಂತಿಲ್ಲ. ಕುರುಕಲು ತಿಂಡಿ, ಸಕ್ಕರೆ ತುಂಬಿದ ಪಾನೀಯಗಳವರ ಬಗೆಗೂ ಎಚ್ಚರ ಬೇಕು: ಶಾಲಾ ಮಕ್ಕಳ ಆಹಾರವನ್ನು ಕುರಿತು 2020ರಲ್ಲಿ ಬಂದ ಆಹಾರ ಸುರಕ್ಷತಾ ನಿಯಮಗಳು, ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ತಿನಿಸುಗಳ ಪ್ರಚಾರವನ್ನು ಶಾಲೆಯ ಆವರಣದಲ್ಲಿಯೂ ಶಾಲೆಯ ದ್ವಾರದಿಂದ 50 ಮೀಟರಿನೊಳಗೂ ತಡೆಯುತ್ತವೆ. ಪುಕ್ಕಟೆ ಹಂಚುವುದಕ್ಕೂ ಇದೇ ತಡೆಯಿದೆ.

‘ತಮ್ಮ ವ್ಯಾಪಾರದಲ್ಲಿ ತಾವೊಬ್ಬರೇ ಪ್ರಾಯೋಜಕರು’ ಎಂಬ ವಾಗ್ದಾನಕ್ಕೆ ಖರ್ಚಿಲ್ಲ. ಹಾಗೆಂದೇ ಅದು ಅಪಾಯಕಾರಿ. ಒಂದೇ ಬೀದಿಯಲ್ಲಿ ನಾಲ್ಕು ಕೃಷಿ ಸೇವಾ ಕೇಂದ್ರಗಳಿರುವ ಊರಿನಲ್ಲಿ ಒಬ್ಬರಿಗೆ ಈ ಮಾತು ಕೊಟ್ಟೊಡನೆ ಮೂರು ಬಾಗಿಲುಗಳು ಮುಚ್ಚುತ್ತವೆ. ಇದನ್ನು ಮುಖ್ಯ ಪ್ರಾಯೋಜಕರಿಗೆ ಮಾತ್ರ, ಅದೂ ಇಂಥ ತಾರೀಖಿನೊಳಗೆ ಒಪ್ಪಿಗೆ ಬಂದರೆ ಮಾತ್ರ ಎಂದು ಬರೆಯಬೇಕು. ಅಲ್ಲಿಯವರೆಗೆ ಅದೇ ವ್ಯಾಪಾರದ ಇತರರಿಗೆ ಪತ್ರ ಕಳುಹಿಸಬಾರದು.

ಕಾಲದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುವುದು ಸುಲಭ. ಉತ್ಸವ ಜನವರಿ 11ಕ್ಕೆ. ಆಮಂತ್ರಣ ಮಕ್ಕಳ ಕೈಗೆ ಜನವರಿ 3ಕ್ಕೆ ಸೇರಬೇಕು. ಮುದ್ರಣಕ್ಕೆ ಡಿಸೆಂಬರ್ 24ಕ್ಕೆ ಹೋಗಬೇಕು. ಆದ್ದರಿಂದ ಪ್ರಾಯೋಜಕರ ಹೆಸರು ಡಿಸೆಂಬರ್ 20ಕ್ಕೆ ಖಚಿತವಾಗಬೇಕು. ಪತ್ರ ತಲುಪಿ, ಭೇಟಿಯಾಗಿ, ಅವರು ಮನೆಯಲ್ಲಿ ಮಾತಾಡಿ ಒಪ್ಪಲು ನಾಲ್ಕು ವಾರ ಬೇಕೆಂದರೆ ನವೆಂಬರ್ ಮೂರನೆಯ ವಾರಕ್ಕೆ ಪತ್ರ ಹೊರಡಬೇಕು. ದೀಪಾವಳಿಗೆ ಮುಂಚೆ ಕಳುಹಿಸಿದರೆ ಸರಕು ತುಂಬಿಸಿಕೊಳ್ಳುವ ಗಡಿಬಿಡಿಯಲ್ಲಿ ಅದು ಕಳೆದುಹೋಗುತ್ತದೆ. ಲಕ್ಷ್ಮೀಪೂಜೆಗೆ ಹೊಸ ವಹಿ ತೆರೆಯುವ ವ್ಯಾಪಾರಿಗಳಂತೂ ಹಬ್ಬ ಕಳೆದ ಮೇಲೆಯೇ ಹೊಸ ಖರ್ಚಿನ ಮಾತನ್ನು ಆಡುತ್ತಾರೆ.

ಎಂಟು ಸ್ಥಾನಗಳಿಗೆ ಇಪ್ಪತ್ತೈದರಷ್ಟು ಪತ್ರಗಳು ಸಾಕು. ಅವುಗಳಲ್ಲಿ ಕನ್ನಡ ಬಲ್ಲ ವ್ಯಾಪಾರಿಗೆ ಕನ್ನಡದಲ್ಲಿಯೂ ಮರಾಠಿ ವ್ಯಾಪಾರಿಗೆ ಮರಾಠಿಯಲ್ಲಿಯೂ ಬರೆಯುವುದು ಗಡಿಯ ಶಾಲೆಗೆ ಸಹಜವಾದ ಸೌಜನ್ಯ. ಕನ್ನಡದ ಪತ್ರವನ್ನು ಪದಕ್ಕೆ ಪದ ಇಳಿಸದೆ, ಮರಾಠಿ ಅಧ್ಯಾಪಕರಿಂದ ಅದೇ ವಿಷಯವನ್ನು ಹೊಸದಾಗಿ ಬರೆಸಬೇಕು. ಬ್ಯಾನರಿನಲ್ಲಿ ಹೆಸರು ಯಾವ ಲಿಪಿಯಲ್ಲಿರಬೇಕೆಂದೂ ಕೇಳಿ, ಮುದ್ರಣಕ್ಕೆ ಕೊಡುವ ಮೊದಲು ಅವರಿಂದಲೇ ಅಕ್ಷರ ನೋಡಿಸಿ ಸಹಿ ಪಡೆಯಬೇಕು. ‘ಪಾಟೀಲ’ರನ್ನು ‘ಪಾಟಿಲ’ರೆಂದು ಅಚ್ಚಿಸಿದ ಬ್ಯಾನರಿಗೆ ಹಣ ಕೊಟ್ಟವರು ನಗುವುದಿಲ್ಲ.

ಮೇಲಿನ ಲೆಕ್ಕವನ್ನೆಲ್ಲ ಮುಂದಿಟ್ಟುಕೊಂಡು, ಒಂದು ಕೃಷಿ ಸೇವಾ ಕೇಂದ್ರದ ಮಾಲೀಕರಿಗೆ ಬರೆದ ಪತ್ರದ ಮಾದರಿ ಹೀಗಿರುತ್ತದೆ. ಸಂಸ್ಥೆಯ ತಲೆಬರಹ, ಜಾವಕ ಸಂಖ್ಯೆ, ವಿಳಾಸಗಳನ್ನು ಇಲ್ಲಿ ಬಿಟ್ಟಿದೆ.

ದಿನಾಂಕ: 18 ನವೆಂಬರ್

ವಿಷಯ: ಜನವರಿ 11ರ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಮುಖ್ಯ ಪ್ರಾಯೋಜಕರಾಗಲು ಕೋರಿಕೆ

ಮಾನ್ಯರೇ,

ನಮ್ಮ ಶಾಲೆಯ 600 ಮಕ್ಕಳಲ್ಲಿ ಹೆಚ್ಚಿನವರು ತಾಲೂಕಿನ 14 ಹಳ್ಳಿಗಳ ರೈತ ಕುಟುಂಬದವರು. ಅವರ ತಂದೆ ತಾಯಿಯರಲ್ಲಿ ಅನೇಕರು ಬಿತ್ತನೆಯ ಕಾಲಕ್ಕೆ ತಮ್ಮ ಮಳಿಗೆಗೆ ಬರುವವರೆಂಬುದನ್ನು ತಾವು ಬಲ್ಲಿರಿ. ಜನವರಿ 11, ಶನಿವಾರ ಸಂಜೆ 5 ಗಂಟೆಗೆ ಶಾಲೆಯ ಮೈದಾನದಲ್ಲಿ ನಡೆಯುವ ಸ್ನೇಹಸಮ್ಮೇಳನಕ್ಕೆ ಈ ಕುಟುಂಬಗಳು ಸೇರಲಿವೆ.

ಸಮ್ಮೇಳನದ ಅಂದಾಜು ವೆಚ್ಚ 1,60,000 ರೂಪಾಯಿ. ಆಡಳಿತ ಮಂಡಳಿ ಮತ್ತು ಹಳೆಯ ವಿದ್ಯಾರ್ಥಿಗಳು 85,000 ರೂಪಾಯಿಯನ್ನು ಹೊಂದಿಸಿದ್ದಾರೆ. ಉಳಿದ 75,000 ರೂಪಾಯಿಯಲ್ಲಿ ಮುಖ್ಯ ಪ್ರಾಯೋಜಕರಾಗಿ 25,000 ರೂಪಾಯಿಯನ್ನು ತಾವು ವಹಿಸಬೇಕೆಂದು ಕೋರುತ್ತೇವೆ. ಈ ಮೊತ್ತವನ್ನು ಮಕ್ಕಳ ವೇಷಭೂಷಣದ ಬಾಡಿಗೆಗೆ ಬಳಸಲಾಗುವುದು.

ಇದಕ್ಕೆ ಪ್ರತಿಯಾಗಿ ಶಾಲೆಯು ಒದಗಿಸುವುದು: 14 ಹಳ್ಳಿಗಳಿಗೆ ತಲುಪುವ 800 ಆಮಂತ್ರಣ ಪತ್ರಿಕೆಗಳ ಹಿಂಬದಿಯ ಮೇಲರ್ಧದಲ್ಲಿ ತಮ್ಮ ಮಳಿಗೆಯ ಹೆಸರು ಮತ್ತು ವಿಳಾಸ, ವೇದಿಕೆಯ ಬ್ಯಾನರಿನ ಮೇಲ್ತುದಿಯಲ್ಲಿ ತಮ್ಮ ಹೆಸರು, ಮೈದಾನದ ಪ್ರವೇಶದಲ್ಲಿ 6 ಅಡಿ 4 ಅಡಿಯ ಪ್ರತ್ಯೇಕ ಬ್ಯಾನರ್, ಕಾರ್ಯಕ್ರಮದ ನಡುವೆ ಮೂರು ಬಾರಿ ಹೆಸರಿನ ಪ್ರಕಟಣೆ, ಬಹುಮಾನ ವಿತರಣೆಯಲ್ಲಿ ಭಾಗವಹಿಸಲು ತಮಗೆ ಆಹ್ವಾನ. ಡಿಸೆಂಬರ್ 5ರೊಳಗೆ ತಮ್ಮ ಒಪ್ಪಿಗೆ ತಿಳಿದರೆ ಬೀಜ ಗೊಬ್ಬರ ವ್ಯಾಪಾರದಲ್ಲಿ ಬೇರೆ ಪ್ರಾಯೋಜಕರನ್ನು ಸ್ವೀಕರಿಸುವುದಿಲ್ಲ.

ಮೊತ್ತವನ್ನು ಸಂಸ್ಥೆಯ ಬ್ಯಾಂಕ್ ಖಾತೆಗೆ ಚೆಕ್ ಮೂಲಕ ಅಥವಾ ನೇರ ಜಮೆಯ ಮೂಲಕ ನೀಡಬೇಕು. ಪ್ರಾಯೋಜಕತ್ವದ ರಸೀದಿಯನ್ನು ಅಂದೇ ಕೊಡಲಾಗುವುದು. ಅನಿವಾರ್ಯವಾಗಿ ಸಮ್ಮೇಳನ ರದ್ದಾದರೆ ಅಷ್ಟರವರೆಗಿನ ಮುದ್ರಣ ವೆಚ್ಚವನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಲಾಗುವುದು.

ನವೆಂಬರ್ 25ರ ವಾರದಲ್ಲಿ ನಮ್ಮ ಸಂಚಾಲಕ ಅಧ್ಯಾಪಕರು ತಮ್ಮನ್ನು ಕಾಣುತ್ತಾರೆ. ಅನುಕೂಲವಾದ ವೇಳೆಯನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕರು

ಈ ಪತ್ರದಲ್ಲಿ ಶಾಲೆಯ ಇತಿಹಾಸವಿಲ್ಲ, ಶಿಕ್ಷಣದ ಮಹಿಮೆಯಿಲ್ಲ. ಮೊದಲ ಕಂಡಿಕೆಯೇ ಓದುವವನ ಗಿರಾಕಿಗಳನ್ನು ಹೆಸರಿಸುತ್ತದೆ. ಅದೇ ಪತ್ರವನ್ನು ಸಹಕಾರಿ ಬ್ಯಾಂಕಿಗೆ ಬರೆಯುವಾಗ ಎರಡನೆಯ ಮತ್ತು ಮೂರನೆಯ ಕಂಡಿಕೆಗಳ ಚೌಕಟ್ಟು ಹಾಗೆಯೇ ಉಳಿದು, ಮೊದಲನೆಯದು ಪೂರ್ತಿಯಾಗಿ ಬದಲಾಗಬೇಕು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರನ್ನು ನಂಬಿದ ವಸತಿಗೃಹದವರಿಗಂತೂ 14 ಹಳ್ಳಿಗಳ ಮನೆಗಳಿಂದ ವ್ಯಾಪಾರವಿಲ್ಲ. ಅವರಿಗೆ ಪ್ರಾಯೋಜಕತ್ವದ ಪತ್ರಕ್ಕಿಂತ ಶುದ್ಧ ದೇಣಿಗೆಯ ಪತ್ರವೇ ಒಪ್ಪುತ್ತದೆ. ಕಂಡಿಕೆಯನ್ನು ಬದಲಿಸಲು ಏನೂ ತೋಚದಿದ್ದರೆ, ಆ ವ್ಯಾಪಾರಿ ಪಟ್ಟಿಯಲ್ಲಿರಬೇಕಾದವನಲ್ಲ ಎಂದು ತಿಳಿಯಬಹುದು.

ನಾಲ್ಕನೆಯ ಕಂಡಿಕೆಯಲ್ಲಿ ‘ಸಂಸ್ಥೆಯ ಬ್ಯಾಂಕ್ ಖಾತೆ’ ಎಂಬ ಮಾತನ್ನು ಬಿಡಬಾರದು. ಸಂಚಾಲಕ ಅಧ್ಯಾಪಕರ ಸ್ವಂತ ಫೋನಿಗೆ ಹಣ ಹಾಕಿಸಿಕೊಳ್ಳುವುದು ಸುಲಭವೆನಿಸುತ್ತದೆ. ಆದರೆ ಲೆಕ್ಕಪರಿಶೋಧನೆಯ ದಿನ ಆ ಹಣ ಅಧ್ಯಾಪಕರದಲ್ಲವೆಂದು ತೋರಿಸುವ ಭಾರ ಅಧ್ಯಾಪಕರ ಮೇಲೆಯೇ ಬೀಳುತ್ತದೆ. ವ್ಯಾಪಾರಿಗೂ ನಗದು ಹಿತವಲ್ಲ: ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಸಾಮಾನ್ಯವಾಗಿ ಬರುವುದಿಲ್ಲ. ಚೆಕ್ ಕೇಳುವುದು ಅವಿಶ್ವಾಸವಲ್ಲವೆಂದು ಹೇಳಲು ಈ ಒಂದು ಕಾರಣ ಸಾಕು.

ಭೇಟಿಗೆ ಹೋದಾಗ ವ್ಯಾಪಾರಿ 25,000 ಆಗದು, 15,000 ಕೊಡುತ್ತೇನೆ ಎನ್ನುವುದು ಸಾಮಾನ್ಯ. ಆಗ ‘ಆಯಿತು, ಮುಖ್ಯ ಪ್ರಾಯೋಜಕರು ನೀವೇ’ ಎಂದು ಒಪ್ಪಿಬಿಡಬಾರದು. ಸಹ ಪ್ರಾಯೋಜಕರ ಹಂತದ ಪ್ರತಿಫಲಗಳ ಜೊತೆಗೆ ಪ್ರವೇಶದ ಬ್ಯಾನರನ್ನು ಮಾತ್ರ ಸೇರಿಸಿ, ಮುಖ್ಯ ಪ್ರಾಯೋಜಕರ ಸ್ಥಾನವನ್ನೂ ಒಬ್ಬರೇ ಎಂಬ ಮಾತನ್ನೂ ಉಳಿಸಿಕೊಳ್ಳಬೇಕು. ಒಪ್ಪಿದ್ದನ್ನು ಮರುದಿನವೇ ನಾಲ್ಕು ಸಾಲಿನ ಪತ್ರದಲ್ಲಿ ಬರೆದು ಕಳುಹಿಸಬೇಕು. ವೇದಿಕೆಯ ಮೇಲೆ ಭಾಷಣಕ್ಕೆ ಅವಕಾಶವಿದೆಯೆಂದು ತಾವು ತಿಳಿದಿದ್ದೆವು ಎಂಬಂಥ ಮಾತುಗಳು ಹುಟ್ಟುವುದು ಬಾಯಿಮಾತಿನ ಒಪ್ಪಂದದಿಂದಲೇ. ಮಾದರಿ ಪತ್ರದಲ್ಲಿ ‘ಬಹುಮಾನ ವಿತರಣೆಯಲ್ಲಿ ಭಾಗವಹಿಸಲು’ ಎಂದಿದೆಯೇ ಹೊರತು ‘ಅತಿಥಿಗಳಾಗಿ ಮಾತನಾಡಲು’ ಎಂದಿಲ್ಲ ಎಂಬುದನ್ನು ಗಮನಿಸಿ.

ತರಗತಿಯಲ್ಲಿ ಇದನ್ನು ಒಂಬತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಎರಡು ಅವಧಿಗಳಲ್ಲಿ ಮಾಡಿಸಬಹುದು. ಮೊದಲ ಅವಧಿಯಲ್ಲಿ ಪತ್ರ ಬರೆಸದೆ, ಶಾಲೆಯ ಬಳಿ ಕೊಡಲು ಏನೇನಿದೆ ಎಂದು ಮೈದಾನದಲ್ಲಿ ಅಳೆದು ಎಣಿಸಲು ಕಳುಹಿಸಿ. ಎರಡನೆಯ ಅವಧಿಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಬಗೆಯ ಅಂಗಡಿಯನ್ನು ಕೊಟ್ಟು, ಮೊದಲ ಕಂಡಿಕೆಯನ್ನು ಮಾತ್ರ ಬರೆಸಿ. ಹೆಸರನ್ನು ಮುಚ್ಚಿ ಓದಿದಾಗ ಯಾವ ಅಂಗಡಿಗೆ ಬರೆದದ್ದೆಂದು ಉಳಿದವರು ಹೇಳಬಲ್ಲರಾದರೆ ಕಂಡಿಕೆ ಸರಿಯಾಗಿದೆ.

ಸಮ್ಮೇಳನ ಮುಗಿದ ಎರಡು ವಾರದೊಳಗೆ ಪ್ರತಿ ಪ್ರಾಯೋಜಕರಿಗೂ ಒಂದು ಪುಟ ಹೋಗಬೇಕು: ಅವರ ಬ್ಯಾನರ್ ಕಾಣುವ ಛಾಯಾಚಿತ್ರ, ಅಚ್ಚಾದ ಆಮಂತ್ರಣದ ಒಂದು ಪ್ರತಿ, ಅವರ ಹಣ ಯಾವುದಕ್ಕೆ ಖರ್ಚಾಯಿತೆಂಬ ಎರಡು ಸಾಲು. ಛಾಯಾಚಿತ್ರದಲ್ಲಿ ಮಕ್ಕಳ ಮುಖ ಸ್ಪಷ್ಟವಾಗಿದ್ದರೆ ಅದನ್ನು ಅಂಗಡಿಯ ಜಾಹೀರಾತಿಗೆ ಬಳಸಬಾರದೆಂದು ಅಲ್ಲಿಯೇ ಬರೆದಿರಬೇಕು. ವಾಗ್ದಾನ ಮಾಡಿದ ಮೂರು ಪ್ರಕಟಣೆಗಳಲ್ಲಿ ಮಳೆಯಿಂದಲೋ ವಿದ್ಯುತ್ ಹೋದದ್ದರಿಂದಲೋ ಒಂದು ತಪ್ಪಿದ್ದರೆ, ಅದನ್ನೂ ಅದೇ ಪುಟದಲ್ಲಿ ಹೇಳಿ, ಗಣರಾಜ್ಯೋತ್ಸವದ ದಿನ ಅದನ್ನು ಪೂರೈಸುತ್ತೇವೆಂದು ತಿಳಿಸಬೇಕು. ಮುಂದಿನ ನವೆಂಬರಿನಲ್ಲಿ ಬರೆಯುವ ಪತ್ರಕ್ಕೆ ಈ ಪುಟದ ಪ್ರತಿಯನ್ನು ಲಗತ್ತಿಸಿ.